ಅಗಸೆಯ ಹಿಂಡಿಯೂ ಪಾಚಿಯ ಎಣ್ಣೆಯೂ

ಕಳೆದ ವರ್ಷದ ಶ್ರಾವಣ ಮಾಸದಲ್ಲಿ ಒಂದು ಸಂಜೆ ಒಂದು ಸಣ್ಣ ಗುಳಿಗೆಯ ಕಾರಣದಿಂದ ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಏಳಲಿಲ್ಲ. ಸೊಸೆ ಆಗ ಐದು ತಿಂಗಳ ಗರ್ಭಿಣಿ. ಮಗುವಿನ ಮೆದುಳು ಮತ್ತು ಕಣ್ಣಿನ ಬೆಳವಣಿಗೆಗೆ ಬೇಕೆಂದು ವೈದ್ಯರು ಚೀಟಿಯಲ್ಲಿ 'ಡಿ.ಎಚ್.ಎ.' ಎಂಬ ಮೂರಕ್ಷರ ಬರೆದುಕೊಟ್ಟಿದ್ದರು. ಮಗ ಅಂಗಡಿಯಿಂದ ಗುಳಿಗೆ ತಂದ. ಅವಳು ಹನ್ನೊಂದು ದಿನ ನಿಯಮದಿಂದ ನುಂಗಿದಳು. ಹನ್ನೆರಡನೆಯ ದಿನ ಡಬ್ಬಿಯಲ್ಲಿ ಒಂದು ಗುಳಿಗೆ ಒಡೆದು ಅದರೊಳಗಿನ ಎಣ್ಣೆ ಸೋರಿತ್ತು. ಎಂಬತ್ತಾರು ವರ್ಷದ ನಮ್ಮ ಅವ್ವನಿಗೆ ಕಣ್ಣು ಮಂದವಾಗಿದ್ದರೂ ಮೂಗು ಚುರುಕಾಗಿದೆ. "ಇದು ಮೀನಿನ ವಾಸನಿ ಅಲ್ಲೇನೋ?" ಎಂದಳು. ನಾವು ಭೂತಗನ್ನಡಿ ಹಿಡಿದು ಗುಳಿಗೆಯ ಪಟ್ಟಿಯ ಹಿಂಬದಿಯ ಇರುವೆಗಾತ್ರದ ಅಕ್ಷರಗಳನ್ನು ಓದಿದೆವು. ಮೀನೆಣ್ಣೆ ಎಂದೇ ಇತ್ತು.

ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟದ ಹುಡುಗಿ ಅವಳು. ಅವಳ ಅಳುವನ್ನು ನಿಲ್ಲಿಸಿದವಳು ಅವ್ವನೇ. ತಿಳಿಯದೆ ತೆಗೆದುಕೊಂಡದ್ದಕ್ಕೆ ಅಳುವ ಕಾರಣವಿಲ್ಲವೆಂದು ಸಮಾಧಾನ ಹೇಳಿ, ಬಳಿಕ ನಮ್ಮ ಕಡೆಗೆ ತಿರುಗಿ ಕೇಳಿದಳು: "ನಾ ಐದು ಮಕ್ಕಳನ್ನ ಹಡದೇನಿ. ಜ್ವಾಳದ ರೊಟ್ಟಿ, ಅಗಸಿ ಹಿಂಡಿ ತಿಂದೇನಿ. ನಿಮಗ ಏನ ಕಡಿಮಿ ಆಗೇದ ಹೇಳು?"

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ ನಮಗೆ ಆ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಅಗಸೆಯಲ್ಲಿ ಒಮೇಗಾ ಮೂರು ಎಂಬ ಕೊಬ್ಬು ಹೇರಳವಾಗಿದೆಯೆಂದು ಪತ್ರಿಕೆಗಳಲ್ಲಿ ಓದಿದ್ದೆವು. ಹಾಗಿದ್ದರೆ ಗುಳಿಗೆಯೇಕೆ? ಅವ್ವನ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಿಳಿಯಲು ನಾವು ಮುಂದಿನ ಕೆಲವು ವಾರಗಳನ್ನು ಕಳೆದೆವು. ಹಾಗೆ ಕಂಡುಕೊಂಡದ್ದನ್ನು ಇಂಥದೇ ಚೀಟಿ ಕೈಗೆ ಬಂದಿರುವ ಮನೆಗಳವರಿಗಾಗಿ ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ತಿಳಿಯಬೇಕಾದದ್ದು, ಒಮೇಗಾ ಮೂರು ಎಂಬುದು ಒಂದೇ ಪದಾರ್ಥದ ಹೆಸರಲ್ಲ, ಒಂದು ಮನೆತನದ ಹೆಸರು. ಆ ಮನೆತನದಲ್ಲಿ ನಮಗೆ ಸಂಬಂಧಪಟ್ಟವರು ಮೂವರು. ಅಗಸೆ, ಅಕ್ರೋಟು, ಚಿಯಾ ಬೀಜ, ಸಾಸಿವೆ ಎಣ್ಣೆ ಮುಂತಾದವುಗಳಲ್ಲಿ ಇರುವುದು ಆಲ್ಫಾ ಲಿನೋಲೆನಿಕ್ ಆಮ್ಲ, ಅದನ್ನು ಎ.ಎಲ್.ಎ. ಎನ್ನುತ್ತಾರೆ. ಇಂಗಾಲದ ಹದಿನೆಂಟು ಕೊಂಡಿಗಳ ಸರಪಳಿ ಅದು. ಇಪ್ಪತ್ತು ಕೊಂಡಿಗಳದ್ದು ಇ.ಪಿ.ಎ., ಇಪ್ಪತ್ತೆರಡು ಕೊಂಡಿಗಳದ್ದು ಡಿ.ಎಚ್.ಎ. ಮೆದುಳಿನಲ್ಲಿಯೂ ಕಣ್ಣಿನ ಒಳಪರದೆಯಲ್ಲಿಯೂ ಸೇರಿಕೊಂಡಿರುವುದು ಈ ಕೊನೆಯದು. ವೈದ್ಯರು ಬರೆದುಕೊಟ್ಟದ್ದೂ ಇದನ್ನೇ. ನಮ್ಮ ಕಣದಲ್ಲಿ, ಹೊಲದಲ್ಲಿ ಬೆಳೆಯುವ ಯಾವ ಕಾಳಿನಲ್ಲಿಯೂ ಡಿ.ಎಚ್.ಎ. ಇಲ್ಲ. ಎ.ಎಲ್.ಎ.ಯನ್ನು ತಿಂದರೆ ದೇಹವೇ ಅದರಿಂದ ಉಳಿದೆರಡನ್ನೂ ಕಟ್ಟಿಕೊಳ್ಳಬೇಕು.

ಕಟ್ಟಿಕೊಳ್ಳುತ್ತದೆ, ಸುಳ್ಳಲ್ಲ. ಆದರೆ ಹೇಗೆ? ಊರಿನಲ್ಲಿ ಒಂದೇ ಹಿಟ್ಟಿನ ಗಿರಣಿ ಇದೆಯೆಂದು ಭಾವಿಸಿರಿ. ಎ.ಎಲ್.ಎ. ತನ್ನ ಚೀಲ ಹೊತ್ತು ಅಲ್ಲಿಗೆ ಬರುತ್ತದೆ. ಗಿರಣಿಯ ಮುಂದೆ ಇನ್ನೊಂದು ಉದ್ದನೆಯ ಸರದಿ ನಿಂತಿರುತ್ತದೆ. ಅದು ಒಮೇಗಾ ಆರು ಎಂಬ ಬೇರೆ ಮನೆತನದ ಲಿನೋಲಿಯಿಕ್ ಆಮ್ಲದ್ದು. ಸೂರ್ಯಕಾಂತಿ ಎಣ್ಣೆಯಲ್ಲಿ ಅದೇ ತುಂಬಿದೆ. ಎರಡನ್ನೂ ಬೀಸುವ ಕಲ್ಲು, ಅಂದರೆ ಯಕೃತ್ತಿನಲ್ಲಿರುವ ಕಿಣ್ವ, ಒಂದೇ. ಯಾವ ಸರದಿ ಉದ್ದವೋ ಅದರ ಚೀಲಗಳೇ ಹೆಚ್ಚು ಬೀಸಲ್ಪಡುತ್ತವೆ. ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಡಿ.ಎಚ್.ಎ. ಆಗಬೇಕಾದ ಚೀಲ ಅರ್ಧ ದಾರಿ ಹೋದ ಮೇಲೆ ಮತ್ತೆ ಅದೇ ಗಿರಣಿಗೆ ಬಂದು ಎರಡನೆಯ ಸಲ ಸರದಿಯಲ್ಲಿ ನಿಲ್ಲಬೇಕು. ಇಪ್ಪತ್ತನಾಲ್ಕು ಕೊಂಡಿಗಳವರೆಗೆ ಬೆಳೆದು, ಬಳಿಕ ಎರಡು ಕೊಂಡಿ ಕತ್ತರಿಸಿಕೊಂಡು ಇಪ್ಪತ್ತೆರಡಕ್ಕೆ ಇಳಿಯಬೇಕು. ಇದಲ್ಲದೆ ಬಂದ ಎ.ಎಲ್.ಎ.ಯ ಬಹುಭಾಗವನ್ನು ದೇಹವು ಸರದಿಗೆ ಕಳುಹಿಸದೆ ಒಲೆಯ ಕಟ್ಟಿಗೆಯಂತೆ ಶಕ್ತಿಗಾಗಿ ಉರಿಸಿಬಿಡುತ್ತದೆ.

ಆದಕಾರಣ ಕಡೆಗೆ ಕೈಗೆ ಬರುವುದು ಬಹು ಸ್ವಲ್ಪ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಗುರುತು ಹಾಕಿದ ಎ.ಎಲ್.ಎ.ಯನ್ನು ಕೆಲವರಿಗೆ ತಿನ್ನಿಸಿ, ಅವರ ರಕ್ತದಲ್ಲಿ ಅದು ಏನಾಯಿತೆಂದು ಹಿಂಬಾಲಿಸಿದ ಪ್ರಯೋಗದ ಫಲಿತಾಂಶಗಳು 2002ರಲ್ಲಿ ಪ್ರಕಟವಾದವು. ತರುಣರಲ್ಲಿ ನೂರಕ್ಕೆ ಎಂಟರಷ್ಟು ಇ.ಪಿ.ಎ. ಆಯಿತು, ಡಿ.ಎಚ್.ಎ. ಆದದ್ದು ಇಲ್ಲವೆನ್ನುವಷ್ಟು. ತರುಣಿಯರಲ್ಲಿ ಮಾತ್ರ ನೂರಕ್ಕೆ ಒಂಬತ್ತರಷ್ಟು ಡಿ.ಎಚ್.ಎ. ಕಂಡುಬಂದಿತು. ತಾಯಿಯಾಗಬೇಕಾದವಳ ದೇಹಕ್ಕೆ ಪ್ರಕೃತಿಯು ಸ್ವಲ್ಪ ಹೆಚ್ಚಿನ ಸಾಮರ್ಥ್ಯವನ್ನು ಕೊಟ್ಟಿದೆ; ಸ್ತ್ರೀಯರ ಹಾರ್ಮೋನು ಇದಕ್ಕೆ ಸಹಾಯಕವೆಂದು ತಿಳಿಯಲಾಗಿದೆ. ಅವ್ವನ ಪಕ್ಷಕ್ಕೆ ಇದು ಬಲವಾದ ಸಾಕ್ಷಿ. ಆದರೆ ಆ ಪ್ರಯೋಗದಲ್ಲಿದ್ದವರು ಬೆರಳೆಣಿಕೆಯ ಮಂದಿ ಎಂಬುದನ್ನೂ ಮರೆಯಲಾಗದು.

ಹಾಗಾದರೆ ಅಗಸೆಯನ್ನೇ ಇನ್ನೂ ಹೆಚ್ಚು ತಿಂದರೆ ಸಾಲದೇ ಎಂದು ನಮಗೂ ತೋಚಿತು. ಅಮೆರಿಕದ ಆರೆಗಾನಿನಲ್ಲಿ ಇದನ್ನೇ ನೋಡಿದ್ದಾರೆ. ಹಾಲುಣಿಸುತ್ತಿದ್ದ ಏಳು ಮಂದಿ ತಾಯಂದಿರಿಗೆ ನಾಲ್ಕು ವಾರಗಳ ಕಾಲ ದಿನಕ್ಕೆ 20 ಗ್ರಾಂ ಅಗಸೆ ಎಣ್ಣೆ ಕೊಟ್ಟರು. ಅದರಲ್ಲಿ ಎ.ಎಲ್.ಎ. ಹತ್ತು ಗ್ರಾಮಿಗೂ ಹೆಚ್ಚು. ಯಾವ ಮನೆಯ ಊಟದಲ್ಲಿಯೂ ಅಷ್ಟು ಬರುವುದಿಲ್ಲ. 2003ರಲ್ಲಿ ಪ್ರಕಟವಾದ ಅದರ ಫಲಿತಾಂಶ ಇದು: ಎದೆಹಾಲಿನಲ್ಲಿ ಎ.ಎಲ್.ಎ. ಏರಿತು, ಇ.ಪಿ.ಎ.ಯೂ ಏರಿತು, ಡಿ.ಎಚ್.ಎ. ಇದ್ದಲ್ಲಿಯೇ ಇತ್ತು. ಇದನ್ನು ಓದಿದ ಮೇಲೆ ಅಗಸೆಯ ಪ್ರಮಾಣ ಹೆಚ್ಚಿಸಿ ಡಿ.ಎಚ್.ಎ. ಪಡೆಯುವ ಆಸೆಯನ್ನು ನಾವು ಕೈಬಿಟ್ಟೆವು.

ಇಷ್ಟರಿಂದ ಶಾಕಾಹಾರಿಗಳು ದಿನದಿನಕ್ಕೂ ಬರಿದಾಗುತ್ತಾ ಹೋಗುತ್ತಾರೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಶಾಕಾಹಾರಿ ಪುರುಷರ ರಕ್ತವನ್ನು ಪರೀಕ್ಷಿಸಿದಾಗ ಮಾಂಸಾಹಾರಿಗಳಿಗಿಂತ ಡಿ.ಎಚ್.ಎ. ಸುಮಾರು ಮೂರನೆಯ ಒಂದು ಪಾಲು ಕಡಿಮೆ ಇದ್ದದ್ದು ನಿಜ. ಆದರೆ ಹೊಸದಾಗಿ ಶಾಕಾಹಾರಿಯಾದವರಿಗೂ ಬಹುಕಾಲದಿಂದ ಹಾಗೆಯೇ ಇದ್ದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದೇಹವು ತನಗೆ ಬೇಕಾದಷ್ಟನ್ನು ನಿಧಾನವಾಗಿ ಕಟ್ಟಿಕೊಂಡು ಒಂದು ಮಟ್ಟದಲ್ಲಿ ನಿಲ್ಲಿಸಿಕೊಳ್ಳುತ್ತದೆ. ಆ ಮಟ್ಟ ಕೆಳಗಿನದು, ಅಷ್ಟೇ. ಗರ್ಭಿಣಿಗೆ ಆ ಮಟ್ಟ ಸಾಕೇ ಎಂಬುದು ವೈದ್ಯರ ಶಂಕೆ.

ಈಗ ಗುಳಿಗೆಯ ಮಾತಿಗೆ ಬರೋಣ. ಮೀನೆಣ್ಣೆಯ ಸಂಗತಿಯನ್ನು ತಿಳಿಸಿದಾಗ ವೈದ್ಯರು ಬಹಳ ನೊಂದುಕೊಂಡರು. ತಾವು ಕೇಳಬೇಕಿತ್ತು, ನಾವು ಹೇಳಬೇಕಿತ್ತು ಎಂದರು. ಆಮೇಲೆ ಅವರು ಹೇಳಿದ ಒಂದು ಮಾತು ನಮ್ಮನ್ನು ಅಚ್ಚರಿಗೊಳಿಸಿತು. ಮೀನು ಕೂಡ ಈ ಕೊಬ್ಬಿನ ಬಹುಭಾಗವನ್ನು ತಾನು ತಯಾರಿಸುವುದಿಲ್ಲ. ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಜೀವಿಗಳು ಅದನ್ನು ಕಟ್ಟುತ್ತವೆ. ಅವನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಆ ಜೀವಿಗಳನ್ನು ಮೀನು ತಿನ್ನುತ್ತದೆ. ಮೂಲದಿಂದಲೇ ತೆಗೆದುಕೊಂಡರೆ ನಡುವಿನ ಮೀನಿನ ಹಂಗು ಬೇಕಾಗಿಲ್ಲ.

ಹಾಗೆ ತೆಗೆಯುವ ವಿದ್ಯೆಯ ಹಿಂದೆ ಒಂದು ಸ್ವಾರಸ್ಯವಿದೆ. ದೀರ್ಘಕಾಲದ ಬಾಹ್ಯಾಕಾಶ ಯಾನದಲ್ಲಿ ಯಾತ್ರಿಕರಿಗೆ ಪಾಚಿಯಿಂದ ಆಹಾರ ಮತ್ತು ಪ್ರಾಣವಾಯು ಒದಗಿಸಬಹುದೇ ಎಂದು 1980ರ ದಶಕದಲ್ಲಿ ಅಮೆರಿಕದಲ್ಲಿ ನಾಸಾ ಸಂಸ್ಥೆಗಾಗಿ ಸಂಶೋಧನೆ ನಡೆದಿತ್ತು. ಅದರಲ್ಲಿ ತೊಡಗಿದ್ದ ವಿಜ್ಞಾನಿಗಳು 1985ರಲ್ಲಿ ಮಾರ್ಟೆಕ್ ಎಂಬ ಕಂಪನಿ ಕಟ್ಟಿದರು. ಪಾಚಿ ಬಾಹ್ಯಾಕಾಶಕ್ಕೆ ಊಟವಾಗುವುದಕ್ಕಿಂತ ಮೊದಲೇ ಅದರ ಎಣ್ಣೆ ಶಿಶುಗಳ ಹಾಲಿನ ಪುಡಿಗೆ ಸೇರಿತು. ಈ ಪಾಚಿಯನ್ನು ಕೆರೆಯಿಂದಲೋ ಸಮುದ್ರದಿಂದಲೋ ಬಾಚಿ ತರುವುದಿಲ್ಲ. ಸ್ಕೈಜೋಕೈಟ್ರಿಯಮ್ ಮುಂತಾದ ಸೂಕ್ಷ್ಮಜೀವಿಗಳನ್ನು ಉಕ್ಕಿನ ಮುಚ್ಚಿದ ತೊಟ್ಟಿಗಳಲ್ಲಿ ಸಕ್ಕರೆಯ ದ್ರಾವಣ ಉಣಿಸಿ, ಕತ್ತಲಲ್ಲಿಯೇ ಬೆಳೆಸುತ್ತಾರೆ. ಕೊಬ್ಬು ತುಂಬಿಕೊಂಡ ಮೇಲೆ ಜೀವಕೋಶಗಳನ್ನು ಒಡೆದು ಎಣ್ಣೆ ಬೇರ್ಪಡಿಸಿ ಶುದ್ಧಿ ಮಾಡುತ್ತಾರೆ. ಆ ಎಣ್ಣೆಯಲ್ಲಿ ಸುಮಾರು ನೂರಕ್ಕೆ ಮೂವತ್ತೈದರಿಂದ ನಲವತ್ತರಷ್ಟು ಡಿ.ಎಚ್.ಎ. ಇರುತ್ತದೆ. ಯಾವ ಗಿರಣಿಯ ಸರದಿಯೂ ಇಲ್ಲದೆ ಅದು ನೇರವಾಗಿ ದೇಹಕ್ಕೆ ದಕ್ಕುತ್ತದೆ.

ಇಷ್ಟು ತಿಳಿದುಕೊಂಡು ಮಗ ಮತ್ತೆ ಅಂಗಡಿಗೆ ಹೋದ. "ಶಾಕಾಹಾರಿ ಒಮೇಗಾ ಮೂರು ಕೊಡಿರಿ" ಎಂದು ಕೇಳಿ, ಹಸಿರು ಚುಕ್ಕೆಯ ಡಬ್ಬಿ ತಂದ. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಭೂತಗನ್ನಡಿಯಿಂದ ನೋಡಿದರೆ ಅದರೊಳಗಿದ್ದದ್ದು 500 ಮಿಲಿಗ್ರಾಂ ಅಗಸೆ ಎಣ್ಣೆ! ಅಂದರೆ ಸುಮಾರು ಕಾಲು ಗ್ರಾಂ ಎ.ಎಲ್.ಎ.; ಅರ್ಧ ಚಮಚ ಅಗಸೆ ಪುಡಿಯಲ್ಲಿ ಅಷ್ಟು ಇದ್ದೇ ಇರುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿ ಇದ್ದುದನ್ನೇ ಔಷಧದ ಬೆಲೆ ಕೊಟ್ಟು ತಂದಂತಾಯಿತು. ಅದು ಶಾಕಾಹಾರವೆಂಬುದು ಸುಳ್ಳಲ್ಲ, ಒಮೇಗಾ ಮೂರು ಎಂಬುದೂ ಸುಳ್ಳಲ್ಲ. ವೈದ್ಯರು ಬರೆದ ಡಿ.ಎಚ್.ಎ. ಮಾತ್ರ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಅನೇಕ ಮನೆಗಳಲ್ಲಿ ಈ ಎರಡನೆಯ ತಪ್ಪು ಯಾರ ಗಮನಕ್ಕೂ ಬಾರದೆ ಹೋಗುತ್ತಿರಬಹುದು. ಏಕೆಂದರೆ ಇದಕ್ಕೆ ವಾಸನೆ ಇಲ್ಲ.

ಮೂರನೆಯ ಸಲ ನಾವೇ ಹೋದೆವು. ಅಲ್ಲಿ ನಿಂತು ಮೂರು ಸಂಗತಿಗಳನ್ನು ಓದಿದೆವು. ಎಣ್ಣೆ ಯಾವುದರದು ಎಂಬುದು ಮೊದಲನೆಯದು. ಇಂಗ್ಲಿಷಿನಲ್ಲಿ 'ಆಲ್ಗಲ್' ಎಂಬ ಶಬ್ದ ಇರಬೇಕು. ಎರಡನೆಯದು ಡಿ.ಎಚ್.ಎ. ಎಷ್ಟು ಎಂಬುದು. ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ಬರೆಯುವುದು ಒಟ್ಟು ಎಣ್ಣೆಯ ತೂಕವನ್ನು. 500 ಮಿಲಿಗ್ರಾಂ ಎಂದಿದ್ದರೆ ಅದರಲ್ಲಿ ನೂರಕ್ಕೆ ನಲವತ್ತರ ಲೆಕ್ಕದಲ್ಲಿ 200 ಮಿಲಿಗ್ರಾಂ ಮಾತ್ರ ಡಿ.ಎಚ್.ಎ. ಗರ್ಭಿಣಿಗೆ ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಸಂಸ್ಥೆಗಳ ತಜ್ಞರು ಹೇಳಿರುವುದರಿಂದ, ಅಂಥದು ಒಂದೇ ಸಾಕಾಗುತ್ತದೆ. ಮೂರನೆಯದು ಹೊರಗಿನ ಚಿಪ್ಪು. ಎಣ್ಣೆ ಪಾಚಿಯದೇ ಆಗಿದ್ದರೂ ಅದನ್ನು ತುಂಬಿದ ಮೆತ್ತನೆಯ ಚಿಪ್ಪು ಜೆಲಾಟಿನ್‌ನದಾಗಿರಬಹುದು. ಜೆಲಾಟಿನ್ ಮಾಡುವುದು ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ. ಪಿಷ್ಟದಿಂದಲೂ ಕಡಲಕಳೆಯ ಅಂಟಿನಿಂದಲೂ ಮಾಡಿದ ಚಿಪ್ಪುಗಳಿವೆ. ಮೊದಲು ತೋರಿಸಿದ ಡಬ್ಬಿಯಲ್ಲಿ ಎಣ್ಣೆ ಸರಿಯಿತ್ತು, ಚಿಪ್ಪು ಜೆಲಾಟಿನ್ ಇತ್ತು. ಅದನ್ನು ಮರಳಿಸಿ ಇನ್ನೊಂದನ್ನು ತರಿಸಿಕೊಂಡೆವು. ಬೆಲೆ ಮೀನೆಣ್ಣೆಯದಕ್ಕಿಂತ ಬಹಳ ಹೆಚ್ಚಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಇಷ್ಟು ಹಣ ಕೊಟ್ಟು ನುಂಗಿದ್ದರಿಂದ ಮಗುವಿಗೆ ಲಾಭವೇನು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ದೂರದ ದೇಶಗಳನ್ನು ಬಿಟ್ಟು ನಮ್ಮ ಬೆಳಗಾವಿಗೇ ಬರಬೇಕಾಯಿತು. ಅಲ್ಲಿಯ ಕೆ.ಎಲ್.ಇ. ಆಸ್ಪತ್ರೆಯಲ್ಲಿ 957 ಮಂದಿ ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆದಿದೆ. ಅರ್ಧದಷ್ಟು ಮಂದಿಗೆ ದಿನಕ್ಕೆ 400 ಮಿಲಿಗ್ರಾಂ ಪಾಚಿಯ ಡಿ.ಎಚ್.ಎ., ಉಳಿದವರಿಗೆ ಸಾಧಾರಣ ಎಣ್ಣೆಯ ಗುಳಿಗೆ. ಯಾರಿಗೆ ಯಾವುದೆಂದು ತಾಯಂದಿರಿಗೂ ತಿಳಿಯದು, ಕೊಡುವವರಿಗೂ ತಿಳಿಯದು. ಗರ್ಭದ ಇಪ್ಪತ್ತನೆಯ ವಾರದೊಳಗೆ ಆರಂಭಿಸಿ ಹೆರಿಗೆಯಾಗಿ ಆರು ತಿಂಗಳವರೆಗೆ ಕೊಟ್ಟರು. ಡಿ.ಎಚ್.ಎ. ನುಂಗಿದವರ ಎದೆಹಾಲಿನಲ್ಲಿ ಅದರ ಪ್ರಮಾಣ ಏರಿತು. ಅಗಸೆ ಎಣ್ಣೆಯಿಂದ ಆಗದಿದ್ದದ್ದು ಪಾಚಿಯಿಂದ ಆಯಿತು. ಆದರೆ ಹುಟ್ಟಿದ ಶಿಶುಗಳ ತೂಕ, ಉದ್ದಗಳಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಹನ್ನೆರಡನೆಯ ತಿಂಗಳಲ್ಲಿ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಳೆದಾಗಲೂ ಎರಡೂ ಗುಂಪಿನವರು ಸರಿಸಮವಾಗಿದ್ದರು.

ಇದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದಾಗ ಅವ್ವ ಏನೂ ಮಾತಾಡಲಿಲ್ಲ. ಸೊಸೆಯ ತಟ್ಟೆಗೆ ಇನ್ನೊಂದು ಚಮಚ ಹಿಂಡಿ ನೀಡಿದಳು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ದಿನ ತುಂಬುವ ಮೊದಲೇ ಆಗುವ ಹೆರಿಗೆ, ಅದರಲ್ಲಿಯೂ ಮೂವತ್ತನಾಲ್ಕು ವಾರಕ್ಕಿಂತ ಮುಂಚಿನದು, ಒಮೇಗಾ ಮೂರು ತೆಗೆದುಕೊಂಡವರಲ್ಲಿ ಕಡಿಮೆಯಾಗುತ್ತದೆಂದು ಅನೇಕ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಒಂದು ಸಮೀಕ್ಷೆ ತಿಳಿಸಿತು. ಮರುವರ್ಷವೇ ಆಸ್ಟ್ರೇಲಿಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶದಲ್ಲಿ ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡಾಗ ಆ ಲಾಭ ಕಾಣಲಿಲ್ಲ. ಆರಂಭದಲ್ಲಿಯೇ ರಕ್ತದಲ್ಲಿ ಒಮೇಗಾ ಮೂರು ತೀರ ಕಡಿಮೆ ಇದ್ದವರಿಗೆ ಮಾತ್ರ ಲಾಭವಿರಬಹುದೆಂಬ ಸುಳಿವು ದೊರೆಯಿತು. ತಲೆತಲಾಂತರದಿಂದ ಶಾಕಾಹಾರಿಗಳಾಗಿರುವ ನಮ್ಮಂಥವರ ಮನೆಯ ಹೆಣ್ಣುಮಕ್ಕಳು ಆ ಗುಂಪಿಗೆ ಸೇರುವ ಸಂಭವ ಹೆಚ್ಚೆಂಬ ಕಾರಣಕ್ಕೆ ವೈದ್ಯರು ಗುಳಿಗೆ ಮುಂದುವರಿಸಲು ಹೇಳಿದರು. ಮಗು ಬುದ್ಧಿವಂತವಾಗುವುದೆಂಬ ಆಸೆಯಿಂದ ತೆಗೆದುಕೊಳ್ಳಬೇಡಿರಿ ಎಂದೂ ಸ್ಪಷ್ಟವಾಗಿ ತಿಳಿಸಿದರು. ನಾವು ಒಪ್ಪಿದೆವು. ಕೊಳ್ಳಲು ಅನುಕೂಲವಿಲ್ಲದ ಮನೆಯವರು ಇದಕ್ಕಾಗಿ ಸಾಲ ಮಾಡಬೇಕಾದದ್ದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಗುಳಿಗೆ ಬಂದಿತೆಂದು ಅಗಸೆಯನ್ನು ಬಿಡಲಿಲ್ಲ, ಎ.ಎಲ್.ಎ. ದೇಹಕ್ಕೆ ತನ್ನಷ್ಟಕ್ಕೆ ತಾನೇ ಬೇಕಾದದ್ದು. ಬದಲಾಗಿ ಅದನ್ನು ಉಣ್ಣುವ ರೀತಿಯನ್ನು ತಿದ್ದಿಕೊಂಡೆವು. ನಮ್ಮ ಮನೆಯಲ್ಲಿ ಈಚೆಗೆ ಇಡಿಯ ಬೀಜವನ್ನು ಹುರಿದು, ಊಟವಾದ ಮೇಲೆ ಬಾಯಾಡಿಸುವ ರೂಢಿ ಬಂದಿತ್ತು. ಅಗಸೆಯ ಸಿಪ್ಪೆ ಗಟ್ಟಿ ಮತ್ತು ನುಣುಪು. ಚೆನ್ನಾಗಿ ಅಗಿಯದಿದ್ದರೆ ಬೀಜ ಹೊಟ್ಟೆಗೆ ಹೋದಂತೆಯೇ ಹೊರಗೆ ಬರುತ್ತದೆ. ಕುಟ್ಟಿದ ಹಿಂಡಿಯೇ ಸರಿ. ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿದ ಹಿಂಡಿಯನ್ನು ತಲೆಗೆ ದಿನಕ್ಕೆ ಎರಡು ಚಮಚದಂತೆ ಹಾಕಿಕೊಂಡರೆ ಸುಮಾರು ಐದು ಗ್ರಾಂ ಅಗಸೆ, ಒಂದು ಗ್ರಾಮಿಗಿಂತ ತುಸು ಹೆಚ್ಚು ಎ.ಎಲ್.ಎ. ಆಗುತ್ತದೆ. ಒಮ್ಮೆ ಕುಟ್ಟಿದ ಮೇಲೆ ಗಾಳಿ ತಗುಲಿ ಆ ಕೊಬ್ಬು ಬೇಗ ಕೆಡುತ್ತದೆ. ಮೊದಲು ತಿಂಗಳಿಗೊಮ್ಮೆ ಕುಟ್ಟುತ್ತಿದ್ದವರು ಈಗ ವಾರಕ್ಕೊಮ್ಮೆ ಕುಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕತ್ತಲಿಗೆ ಇಡುತ್ತೇವೆ. ಕೆಟ್ಟಿದ್ದರೆ ನಾಲಗೆಯೇ ಹೇಳುತ್ತದೆ: ಹಿಂದಿನಿಂದ ಒಂದು ಕಹಿ ಬರುತ್ತದೆ, ಮೂಗಿಗೆ ಹಳೆಯ ಬಣ್ಣದ ವಾಸನೆ ತಾಗುತ್ತದೆ. ಅಂಥದನ್ನು ಚೆಲ್ಲಬೇಕು.

ಎರಡನೆಯದು ಗಿರಣಿಯ ಸರದಿ. ಐದು ಮಂದಿಯ ನಮ್ಮ ಮನೆಗೆ ತಿಂಗಳಿಗೆ ಮೂರು ಲೀಟರ್ ಸೂರ್ಯಕಾಂತಿ ಎಣ್ಣೆ ಬರುತ್ತಿತ್ತು. ತಲೆಗೆ ದಿನಕ್ಕೆ ಹದಿನೆಂಟು ಗ್ರಾಮಿನಷ್ಟಾಯಿತು. ಅದರಲ್ಲಿ ಸುಮಾರು ಹನ್ನೊಂದು ಗ್ರಾಂ ಲಿನೋಲಿಯಿಕ್ ಆಮ್ಲ. ಎ.ಎಲ್.ಎ.ಯ ಒಂದು ಚೀಲದ ಮುಂದೆ ಹತ್ತು ಚೀಲ ನಿಂತಂತೆ. ಶೇಂಗಾ ಎಣ್ಣೆಯಲ್ಲಿ ಅದು ನೂರಕ್ಕೆ ಮೂವತ್ತರ ಆಸುಪಾಸು ಇರುವುದರಿಂದ, ಅಷ್ಟೇ ಶೇಂಗಾ ಎಣ್ಣೆ ಬಳಸಿದರೆ ಸರದಿ ಅರ್ಧಕ್ಕೆ ಇಳಿಯುತ್ತದೆ. ಅವ್ವ ಕುಸುಬಿ ಎಣ್ಣೆ ತರಲು ಹೇಳಿದಳು. ಹಿರಿಯರು ಉಂಡದ್ದೆಲ್ಲ ಇದಕ್ಕೆ ಒದಗುವುದೆಂದು ನಾವೂ ಭಾವಿಸಿದ್ದೆವು. ನೋಡಿದರೆ ಕುಸುಬಿಯಲ್ಲಿ ಲಿನೋಲಿಯಿಕ್ ಆಮ್ಲ ನೂರಕ್ಕೆ ಎಪ್ಪತ್ತಕ್ಕೂ ಮೇಲೆ. ಶೇಂಗಾ ಎಣ್ಣೆಯೇ ಬಂದಿತು. ಇದರಿಂದ ದೇಹದಲ್ಲಿ ಡಿ.ಎಚ್.ಎ. ಉಕ್ಕಿ ಹರಿಯುವುದೆಂದು ನಾವು ಹೇಳುವುದಿಲ್ಲ. ಇರುವ ಎ.ಎಲ್.ಎ.ಗೆ ಗಿರಣಿಯಲ್ಲಿ ಸ್ವಲ್ಪ ಜಾಗ ಸಿಗುತ್ತದೆ, ಅಷ್ಟೇ.

ಮಾರ್ಗಶಿರದಲ್ಲಿ ದಿನ ತುಂಬಿ ಮೊಮ್ಮಗಳು ಹುಟ್ಟಿದಳು. ತೂಕ ಎರಡು ಕಿಲೋ ಒಂಬತ್ತು ನೂರು ಗ್ರಾಂ. ಗುಳಿಗೆಯಿಂದಲೋ ಹಿಂಡಿಯಿಂದಲೋ ಎಂದು ಒಂದು ಕೂಸನ್ನು ನೋಡಿ ಹೇಳಲು ಬರುವುದಿಲ್ಲ. ಕೂಸಿಗೆ ಆರು ತಿಂಗಳಾಗಿ ಅನ್ನ ಮುಟ್ಟಿಸುವವರೆಗೆ ಸೊಸೆ ಗುಳಿಗೆ ನುಂಗಿದಳು. ಹೊಸ ಡಬ್ಬಿ ಬಂದಾಗಲೆಲ್ಲ ಅವ್ವ ಒಂದನ್ನು ಸೂಜಿಯಿಂದ ಚುಚ್ಚಿಸಿ ಮೂಸಿ ನೋಡುತ್ತಿದ್ದಳು. ಪಾಚಿಯ ಎಣ್ಣೆಗೂ ಕಡಲಿನ ತೆಳುವಾದ ಒಂದು ವಾಸನೆ ಸಹಜವಾಗಿ ಇರುತ್ತದೆ. ಅದು ಕೆಟ್ಟಿರುವುದರ ಗುರುತಲ್ಲ, ಮೀನಿನದೂ ಅಲ್ಲ. ಮೂಗಿಗೆ ಹೊಡೆಯುವ ಕಮಟು ಬಂದರೆ ಮಾತ್ರ ಮರಳಿಸಬೇಕು. ಇದನ್ನು ಅವ್ವನಿಗೆ ಒಪ್ಪಿಸಲು ನಮಗೆ ಎರಡು ಡಬ್ಬಿ ಹಿಡಿಯಿತು. ಒಪ್ಪಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಪಾಚಿ ಎಣ್ಣಿಗಿ ಇಷ್ಟ ರೊಕ್ಕಾ?"